ಪೀಸ್ ಇಲ್ಲದ ಅನ್ನ

"ಬಾಡು ಅನ್ನೋ ಮಾತು ನಿನ್ ಬಾಯಲ್ಲಿ ಬಂತೋ, ಅಲ್ಲೇ ಎಲ್ರ ಮುಂದೆ ಕೆನ್ನೆಗೆ ಬಾರುಸ್ಬುಡ್ತೀನಿ ನೋಡು," ಎಂದು ಅಮ್ಮ ಬಸ್ಸಿನಲ್ಲೇ ಎಚ್ಚರಿಸಿದ್ದಳು. ನನಗೆ ಆಗ ನಲವತ್ತೊಂದು ವರ್ಷ. ಶಿರಾದಲ್ಲಿ ನನ್ನದೇ ಟೈಲರಿಂಗ್ ಅಂಗಡಿ ಇದೆ, ನನ್ನ ಕೈಕೆಳಗೆ ಇಬ್ಬರು ಹೆಂಗಸರು ಕೆಲಸ ಮಾಡುತ್ತಾರೆ. ಆದರೂ ಅಮ್ಮನ ಕಣ್ಣಿಗೆ ನಾನು ಬಾಯಿಬಡುಕಿ. ಅದು ಸುಳ್ಳು ಅಂತ ವಾದ ಮಾಡುವುದಕ್ಕೂ ನನಗೆ ಮುಖವಿರಲಿಲ್ಲ ಬಿಡಿ.

ನಾವು ಹೊರಟಿದ್ದು ನನ್ನ ತಮ್ಮನ ಮದುವೆಯ ಮಾತಿಗೆ. ಅವನು ವಳ್ಳೂರಿನ ಹತ್ತಿರ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿಗೆ ಹೋಗಿ ಬರುವ ಬಸ್ಸಿನಲ್ಲಿ ಪಾವಗಡದ ಒಬ್ಬ ಹುಡುಗಿಯ ಪರಿಚಯವಾಗಿ, ಅದು ಬೆಳೆದು, ಮದುವೆಯಾದರೆ ಅವಳನ್ನೇ ಎಂದು ಕೂತಿದ್ದ. ನಾವು ಬುಕ್ಕಾಪಟ್ಟಣದ ಕಡೆಯ ಬೇಸಾಯಗಾರರು. ಭಾನುವಾರ ಮನೆಯಲ್ಲಿ ಮಸಾಲೆ ಅರೆಯದಿದ್ದರೆ ಏನೋ ಕಳೆದುಕೊಂಡ ಹಾಗೆ ಓಡಾಡುವ ಜನ. ಅವರದು ತಲೆತಲಾಂತರದಿಂದ ಲಿಂಗ ಕಟ್ಟುವ ಮನೆ, ಮೊಟ್ಟೆಯೂ ಒಳಗೆ ಬರುವಂತಿಲ್ಲ. ಹುಡುಗಿಗೆ ತಾಯಿ ಇಲ್ಲ, ಸಾಕಿದ್ದು ಅಜ್ಜಿ. ಅವಳ ಅಪ್ಪ ಬಟ್ಟೆ ವ್ಯಾಪಾರಿ, ಒಳ್ಳೆಯ ಮನುಷ್ಯ, ಮಗಳ ಹಟಕ್ಕೆ ಅರ್ಧ ಒಪ್ಪಿದ್ದರು. "ನಮ್ಮಮ್ಮ ಹೂಂ ಅಂದ್ರೆ ಆಯ್ತು, ಊಹೂಂ ಅಂದ್ರೆ ನನ್ ಕೈಲಿ ಏನೂ ಇಲ್ಲ," ಎಂದು ಫೋನಿನಲ್ಲಿ ನೇರವಾಗಿ ಹೇಳಿಬಿಟ್ಟಿದ್ದರು. ಅಜ್ಜಿ ಊಹೂಂ ಅಂದರೆ ಹುಡುಗಿಯೂ ಅವಳ ಮಾತು ಮೀರುವುದಿಲ್ಲ ಎಂದು ತಮ್ಮನೇ ಹೇಳಿದ್ದ. ಹೇಳಿ ಮುಖ ಆ ಕಡೆ ತಿರುಗಿಸಿಕೊಂಡ. ನನ್ನ ಸೊಂಟದ ಮೇಲೆ ಬೆಳೆದ ಹುಡುಗ ಅವನು, ಹೇಗಾದರೂ ಈ ಮದುವೆ ಮಾಡಿಸಬೇಕು ಎಂದುಕೊಂಡೆ.

ಅವರ ಮನೆಗೆ ನಾವು ಮೊದಲು ಹೋಗುವುದೋ, ನಮ್ಮ ಮನೆಗೆ ಅವರು ಬರುವುದೋ ಎಂಬ ಚರ್ಚೆಯೇ ಒಂದು ತಿಂಗಳು ನಡೆಯಿತು. ಕೊನೆಗೆ ನಡುವೆ ಸಿಗುವ ಮಧುಗಿರಿಯಲ್ಲಿ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂರೋಣ ಎಂದಾಯಿತು. ನಾನು ಬುದ್ಧಿವಂತಳ ಹಾಗೆ ಇಡ್ಲಿ ದೋಸೆಯ ಹೋಟೆಲು ಸಾಕು ಎಂದೆ. ಹುಡುಗಿಯ ಅಪ್ಪ ಕೇಳಲಿಲ್ಲ. "ನಮಗೋಸ್ಕರ ನಿಮ್ಮೋರು ಯಾಕೆ ಬಾಯಿ ಕಟ್ಬೇಕು? ಎರಡೂ ಸಿಗೋ ಕಡೆ ಹೋಗಾಣ, ಅವರವರ ಇಷ್ಟ ಅವರವರು ತಗೊಳ್ಳಿ," ಎಂದು ಒಂದು ಫ್ಯಾಮಿಲಿ ರೆಸ್ಟೋರೆಂಟ್ ಗೊತ್ತು ಮಾಡಿದರು. ಅವರು ನಮಗೆ ನೋವಾಗಬಾರದು ಎಂದು, ನಾವು ಅವರಿಗೆ ನೋವಾಗಬಾರದು ಎಂದು. ಅತಿ ಮರ್ಯಾದೆ ಒಂದೊಂದು ಸಲ ಎಂಥ ಕಷ್ಟಕ್ಕೆ ತಳ್ಳುತ್ತದೆ ನೋಡಿ.

ಉದ್ದ ಮೇಜಿನ ಒಂದು ಕಡೆ ನಾನು, ಅಮ್ಮ, ನನ್ನ ಸೋದರಮಾವ. ಎದುರಿಗೆ ಅಜ್ಜಿ, ಹುಡುಗಿಯ ಅಪ್ಪ. ತಮ್ಮ ಮತ್ತು ಹುಡುಗಿ ತುದಿಯಲ್ಲಿ, ಒಬ್ಬರನ್ನೊಬ್ಬರು ನೋಡದ ಹಾಗೆ ನಟಿಸುತ್ತಾ. ಪಕ್ಕದ ಮೇಜಿನಲ್ಲಿ ಯಾರೋ ಕೋಳಿಕಾಲು ಹಿಡಿದಿದ್ದರು. ಅಜ್ಜಿ ಸೆರಗನ್ನು ಮೂಗಿನ ಹತ್ತಿರ ಇಟ್ಟುಕೊಂಡು ಕೂತಿದ್ದಳು, ಅಷ್ಟೇ.

ಮೆನು ಕಾರ್ಡು ಬಂತು. ಮೊದಲ ಪುಟ ವೆಜ್, ಹಿಂದಿನ ಪುಟಗಳೆಲ್ಲ ನಾನ್ ವೆಜ್. ಮಾವ ಹಿಂದಿನ ಪುಟ ತಿರುಗಿಸಿ, ಮಟನ್ ಚಾಪ್ಸ್ ಅನ್ನುವ ಕಡೆ ಬೆರಳಿಟ್ಟು, ಅಮ್ಮ ಕೆಮ್ಮಿದ ತಕ್ಷಣ ಮೊದಲ ಪುಟಕ್ಕೆ ವಾಪಸು ಬಂದ. "ನಮಿಗೇನು, ರೊಟ್ಟಿ, ಪನ್ನೀರು ಇದ್ರೆ ಸಾಕಪ್ಪ," ಎಂದ. ಆ ಮುಖದಲ್ಲಿ ಅಷ್ಟು ದುಃಖವನ್ನು ನಾನು ಅವನ ಎತ್ತು ಸತ್ತಾಗಲೂ ನೋಡಿರಲಿಲ್ಲ. ಹುಡುಗಿಯ ಅಪ್ಪ, "ಬೇಡ ಬೇಡ, ನೀವು ತಗೊಳ್ಳಿ," ಎಂದರು. ಮಾವ, "ಅಯ್ಯೋ ನಾವು ಮುಟ್ಟೋದೇ ಅಪರೂಪ," ಎಂದ. ನನಗೆ ನಗು ತಡೆಯಲಾಗದೆ ನೀರು ಕುಡಿದೆ.

ಸೂಪು ಬೈ-ಟೂ ಹೇಳಿದರು, ರೋಟಿ, ಪನೀರ್ ಮಸಾಲ, ಗೋಬಿ ಮಂಚೂರಿ ಹೇಳಿದರು. ಅಜ್ಜಿ ಮಾತ್ರ, "ನಂಗೇನೂ ಬ್ಯಾಡ, ಒಂದ್ ಲೋಟ ಮಜ್ಜಿಗೆ ಸಾಕು," ಎಂದಳು. ಹೆಣ್ಣಿನ ಕಡೆಯ ಹಿರಿಯಳು ಖಾಲಿ ತಟ್ಟೆ ಮುಂದೆ ಕೂತರೆ ನಮಗೆ ಅವಮಾನ ಮಾಡಿದ ಹಾಗಾಗುತ್ತದೆ ಎಂದು ಹುಡುಗಿಯ ಅಪ್ಪನಿಗೆ ಸಂಕಟ. ಅಜ್ಜಿಗೆ ಹಲ್ಲಿಲ್ಲ, ರೋಟಿ ಆಗದು. ಅವರು ಅನ್ನದ ಪಟ್ಟಿಯ ಮೇಲೆ ಬೆರಳಾಡಿಸಿದರು. ಜೀರಾ ರೈಸ್, ಘೀ ರೈಸ್, ಕುಷ್ಕ, ಎಲ್ಲ ಒಂದೇ ಸಾಲಿನಲ್ಲಿ.

"ಇದು ಕುಷ್ಕ ಅಂದ್ರೆ ಮಸಾಲೆ ಅನ್ನ ಅಲ್ವೇನಪ್ಪ? ಪೀಸ್ ಗೀಸ್ ಏನೂ ಇರಲ್ಲ ತಾನೆ?" ಎಂದು ಸಪ್ಲೈಯರನ್ನು ಕೇಳಿದರು.

"ಇಲ್ಲ ಸಾರ್, ಪೀಸ್ ಇರಲ್ಲ," ಎಂದ ಅವನು, ಆಗಲೇ ಇನ್ನೊಂದು ಮೇಜಿನ ಕಡೆ ತಿರುಗುತ್ತಾ.

"ಹಂಗಾದ್ರೆ ನಮ್ಮಮ್ಮಂಗೆ ಒಂದು ಕುಷ್ಕ. ಮೆತ್ತಗಿರ್ಲಿ."

ಅವನು ಹೇಳಿದ್ದು ಸುಳ್ಳಲ್ಲ. ಕುಷ್ಕದಲ್ಲಿ ಪೀಸ್ ಇರುವುದಿಲ್ಲ. ಆದರೆ ಇಂಥ ಹೋಟೆಲುಗಳಲ್ಲಿ ಅದು ಬಿರಿಯಾನಿಯ ಹಂಡೆಯದೇ ಅನ್ನ, ಮಾಂಸದ ರಸದಲ್ಲೇ ಬೆಂದದ್ದು. ತುಂಡು ಬಿಟ್ಟು ಅನ್ನ ಮಾತ್ರ ಬಡಿಸುತ್ತಾರೆ. ಶಿರಾದಲ್ಲಿ ನನ್ನ ಅಂಗಡಿಯ ಎದುರಿಗೇ ಇಂಥ ಹೋಟೆಲಿದೆ, ತಿಂಗಳಿಗೆ ನಾಲ್ಕು ಸಲ ತರಿಸಿ ತಿನ್ನುತ್ತೇನೆ. ನನಗೆ ಗೊತ್ತು, ಅಮ್ಮನಿಗೆ ಗೊತ್ತು, ಮಾವನಿಗಂತೂ ಚೆನ್ನಾಗಿ ಗೊತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಬಾಯಿ ತೆರೆದೆ. ಅಮ್ಮ ಮೇಜಿನ ಕೆಳಗೆ ತೊಡೆ ಚಿವುಟಿದಳು. ಸಪ್ಲೈಯರ್ ಹೊರಟುಹೋದ.

ಹೇಳಿದರೆ ಏನೆಂದು ಹೇಳುವುದು? ಆ ದೊಡ್ಡ ಮನುಷ್ಯನಿಗೆ, ಇಷ್ಟು ಜನರ ಮುಂದೆ, ನೀವು ತಾಯಿಗೆ ಮಾಂಸದ ಅನ್ನ ತರಿಸಿದಿರಿ ಅಂತಲೇ? ಮುಖ ಎಲ್ಲಿಡುತ್ತಾರೆ ಅವರು? ಅಜ್ಜಿ ಅಲ್ಲಿಂದಲೇ ಎದ್ದು ಹೋದರೆ ತಮ್ಮನ ಗತಿ? ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇದನ್ನೂ ಯೋಚಿಸಿದೆ, ಮುಚ್ಚಿಡುವುದಿಲ್ಲ. ಛೀ, ಎಂಥ ಬುದ್ಧಿ ಬಂತು ನನಗೆ ಎಂದು ಈಗಲೂ ಅನ್ನಿಸುತ್ತದೆ. ಸೂಪು ಬಂತು, ಕುಡಿದೆ, ರುಚಿ ಗೊತ್ತಾಗಲಿಲ್ಲ. ಅಡುಗೆಮನೆಗೇ ಹೋಗಿ ಹೇಳಿಬಿಡೋಣ ಎಂದು ಕುರ್ಚಿ ಹಿಂದೆ ಸರಿಸುವಷ್ಟರಲ್ಲಿ ಕುಷ್ಕವೂ ಬಂದೇಬಿಟ್ಟಿತು.

ಹಬೆಯಾಡುವ ಅನ್ನ, ಮೇಲೆ ಪುದೀನ. "ತಗೊಳ್ಳಮ್ಮ, ಎರಡ್ ತುತ್ತಾದ್ರೂ," ಎಂದರು ಮಗ. ಅಜ್ಜಿ ಮಗನ ಮುಖ ನೋಡಿದಳು. ಬೇಡವೆನ್ನಲು ಮನಸ್ಸು ಬರಲಿಲ್ಲವೇನೋ, ಚಮಚ ಬಿಟ್ಟು ಬೆರಳಿನಿಂದಲೇ ಒಂದು ಸಣ್ಣ ತುತ್ತು ಮಾಡಿ ಊದಿದಳು. ಕೈ ಮೇಲೆದ್ದಿತು.

"ಅಯ್ಯಯ್ಯೋ, ಬ್ಯಾಡ ಅಜ್ಜಿ! ಅದು ಬಾಡಿನ ಅನ್ನ!"

ಮೇಜಿನ ಮೇಲೆ ಬಗ್ಗಿ ಅವಳ ಮಣಿಕಟ್ಟು ಹಿಡಿದುಬಿಟ್ಟಿದ್ದೆ. ಯಾವಾಗ ಹಿಡಿದೆ ಎಂದು ನನಗೇ ಗೊತ್ತಿಲ್ಲ. ಇಡೀ ಹೋಟೆಲು ನಮ್ಮ ಕಡೆ ತಿರುಗಿತು. ತುತ್ತು ತಟ್ಟೆಗೆ ಬಿತ್ತು.

ಹುಡುಗಿಯ ಅಪ್ಪನ ಮುಖ ಸುಣ್ಣದ ಹಾಗಾಯಿತು. ಸಪ್ಲೈಯರನ್ನು ಕರೆದು ಕೂಗಾಡಿದರು. ಪಾಪ ಅವನು, "ಸಾರ್, ನೀವು ಪೀಸ್ ಇರ್ತದಾ ಅಂದ್ರಿ, ಇಲ್ಲ ಅಂದೆ. ಬಿರಿಯಾನಿ ರೈಸೇ ಸಾರ್ ಅದು. ವೆಜ್ಜಾ ಅಂತ ಕೇಳಿದ್ರೆ ಹೇಳ್ತಿದ್ದೆ," ಎಂದ. ಅವರು ಧೊಪ್ಪೆಂದು ಕೂತು ತಲೆ ಮೇಲೆ ಕೈ ಹೊತ್ತರು. ಅಜ್ಜಿ ಎದ್ದು ಕೈ ತೊಳೆಯಲು ಹೋದಳು, ಹುಡುಗಿ ಹಿಂದೆಯೇ ಓಡಿದಳು. ತಮ್ಮ ನನ್ನನ್ನು ನೋಡಿದ ನೋಟ ಮರೆಯುವಂತಿಲ್ಲ. ಅಮ್ಮ ಹಲ್ಲು ಕಚ್ಚಿ, "ಆಯ್ತಲ್ಲ, ಎದ್ದೇಳ್ರಿ, ಬಸ್ ಹಿಡಿಯಾನ," ಎಂದಳು. ನನಗೂ ಹಾಗೇ ಅನ್ನಿಸಿತು.

ಅಜ್ಜಿ ವಾಪಸು ಬಂದು ಮೊದಲಿನ ಜಾಗದಲ್ಲೇ ಕೂತಳು. ನನ್ನನ್ನೇ ನೋಡುತ್ತಾ ಕೇಳಿದಳು: "ನಮ್ಮೋನು ಹೇಳ್ದಾಗ್ಲೇ ಗೊತ್ತಿತ್ತೇನಮ್ಮ ನಿಂಗೆ?"

ಸುಳ್ಳು ಹೇಳಬಹುದಿತ್ತು. ತಟ್ಟೆ ಬಂದ ಮೇಲೆ ವಾಸನೆಯಿಂದ ಗೊತ್ತಾಯಿತು ಎಂದಿದ್ದರೆ ಮುಗಿಯುತ್ತಿತ್ತು. "ಗೊತ್ತಿತ್ತು ಅಜ್ಜಿ," ಎಂದೆ. "ಹೇಳಿದ್ರೆ ಎಲ್ಲಿ ಈ ಸಂಬಂಧ ಮುರಿದೋಗ್ತದೋ ಅಂತ ಹೆದ್ರಿ ಸುಮ್ನಿದ್ದೆ. ತಪ್ಪಾಯ್ತು." ಅಳು ಬಂತು, ನುಂಗಿಕೊಂಡೆ.

ಅಜ್ಜಿ ಮಗನ ಮುಂದಿದ್ದ ಮೆನು ಕಾರ್ಡನ್ನು ಎಳೆದು ನನ್ನ ಮುಂದೆ ತಳ್ಳಿದಳು. "ಇವನಿಗೆ ಏನೂ ತಿಳಿಯಲ್ಲ. ನೀನೇ ನೋಡಿ ಹೇಳು, ಇದ್ರಾಗೆ ನಾನು ಏನು ತಿನ್ಬೋದು? ಹಸಿವಾಗೈತೆ."

ಕಾರ್ಡು ಎತ್ತಿಕೊಂಡೆ. ಕೇಳುವ ಕೆಲಸಕ್ಕೆ ನನ್ನ ಬಾಯಿ ಯಾವತ್ತೂ ಹಿಂಜರಿಯುವುದಿಲ್ಲ. ಸಪ್ಲೈಯರನ್ನು ನಿಲ್ಲಿಸಿ ಒಂದೊಂದೇ ಕೇಳಿದೆ. ಬಿಳಿ ಅನ್ನ ಬೇರೆ ಪಾತ್ರೆಯಲ್ಲಿ ಬೇಯುತ್ತದಾ? ಬೇರೆಯೇ ಅಂದ. ಗೋಬಿ ಕರಿಯುವ ಎಣ್ಣೆ ಯಾವುದು? ಅವನು ತಲೆ ಕೆರೆದುಕೊಂಡು, ಕಬಾಬ್ ಕರಿಯೋದ್ರಲ್ಲೇ ಅಕ್ಕ ಎಂದ. ಹುಡುಗಿಯ ಅಪ್ಪ ಗಾಬರಿಯಾಗಿ ನನ್ನನ್ನು ನೋಡಿದರು. ಮಂಚೂರಿ ಇನ್ನೂ ಬಂದಿರಲಿಲ್ಲ, ಬೇಡ ಎಂದೆ. ಪನೀರಿನ ಗ್ರೇವಿಗೆ ಬೇರೆ ಬಾಣಲೆ, ಬೇರೆ ಸೌಟಾ ಎಂದು ಒಳಗೆ ಹೋಗಿ ಕೇಳಿಕೊಂಡು ಬರಲು ಹೇಳಿದೆ, ಹೌದೆಂದು ಬಂದು ಹೇಳಿದ. "ಅಜ್ಜಿಗೆ ಬಿಳಿ ಅನ್ನ, ಗಟ್ಟಿ ಮೊಸರು, ತೊಳೆದ ಬಟ್ಲಲ್ಲಿ. ಒಗ್ಗರಣೆ ಬ್ಯಾಡ. ನಾನೇ ಕಲಸಿ ಕೊಡ್ತೀನಿ," ಎಂದೆ.

ಕಲಸಿಕೊಟ್ಟೆ. ಅಜ್ಜಿ ತಿಂದಳು, ಬಟ್ಟಲು ಖಾಲಿಯಾಗುವವರೆಗೂ ತಿಂದಳು. ಅರ್ಧದಲ್ಲಿ ತಲೆಯೆತ್ತಿ ಮಾವನ ಕಡೆ ನೋಡಿ, "ಏನಪ್ಪ, ಆವಾಗಿಂದ ಹಿಂದಿನ್ ಪುಟಾನೇ ನೋಡ್ತಿದೀಯ. ತರ್ಸ್ಕೊಂಡು ಆ ಕಡೆ ತುದೀಲಿ ಕೂತ್ಕೊಂಡು ತಿನ್ನು, ನಂದೇನೂ ಅಡ್ಡಿಯಿಲ್ಲ," ಎಂದಳು. ಮಾವ ಅಮ್ಮನ ಅಪ್ಪಣೆಗೂ ಕಾಯದೆ ಎದ್ದು ಜಾಗ ಬದಲಾಯಿಸಿದ. ನಾವೆಲ್ಲ ನಕ್ಕುಬಿಟ್ಟೆವು, ಹುಡುಗಿಯ ಅಪ್ಪನೂ ನಕ್ಕರು.

ಕೈ ತೊಳೆದು ಬಂದು ಅಜ್ಜಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಅಲ್ಲಿಯವರೆಗೆ ಯಾರ ಬಾಯಲ್ಲೂ ಬಾರದಿದ್ದ ಮಾತನ್ನು, ಪಕ್ಕದ ಮನೆಯ ವಿಷಯ ಹೇಳುವ ಹಾಗೆ, ನನ್ನ ಕಡೆ ಕೈ ತೋರಿಸಿ ಮಗನಿಗೆ ಹೇಳಿದಳು: "ಮದುವೆ ಅಡುಗೆ ಮಾತಾಡೋವಾಗ ಈ ಹುಡುಗೀನ ಕರಸ್ಬುಡು. ಯಾವ್ದ್ರಾಗೆ ಏನೈತೆ ಅಂತ ಅಡುಗೆ ಭಟ್ರ ಹತ್ರ ಇವಳೇ ಕೇಳ್ಲಿ."

ತಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನಮ್ಮನಿಗೆ ಬೇಕಾಗಲಿಲ್ಲ. ಬೆಳಿಗ್ಗೆ ನನ್ನ ಕೆನ್ನೆಗೆ ಬಾರಿಸುತ್ತೇನೆಂದಿದ್ದವಳು ನನ್ನ ಹೆಗಲಿಗೆ ಒರಗಿ ಅಳತೊಡಗಿದಳು. ನಾನು ಅವಳ ಬೆನ್ನು ಸವರುತ್ತಾ, ಇನ್ನೊಂದು ಕೈಯಲ್ಲಿ ತಣ್ಣಗಾದ ರೋಟಿ ಮುರಿದು ತಿಂದೆ. ಬೆಳಿಗ್ಗೆಯಿಂದ ಆ ಸೂಪು ಬಿಟ್ಟರೆ ಹೊಟ್ಟೆಗೆ ಏನೂ ಇಳಿದಿರಲಿಲ್ಲ.