ಬಾರಿನ ತುದಿ

ನಮ್ಮೂರು ಹೂಡೆಯ ದೋಣಿಯವರು ಫೋಟೋ ಕಳುಹಿಸಿದಾಗ ನಾನು ಕಾರ್ಕಳದ ನನ್ನ ಚಪ್ಪಲಿ ಅಂಗಡಿಯಲ್ಲಿದ್ದೆ. ಬೆಳಿಗ್ಗೆ ಗಾಳ ಹಾಕಲು ಹೋದ ನನ್ನ ತಮ್ಮ ಮನೆಗೆ ಮರಳಿರಲಿಲ್ಲ, ಫೋನೂ ಎತ್ತುತ್ತಿರಲಿಲ್ಲ. ದೋಣಿಯವರು ಅವನನ್ನೇ ಹುಡುಕುತ್ತಿದ್ದರು. ಫೋಟೋದಲ್ಲಿ ಹೊಳೆಯ ದಡ, ದಡದಲ್ಲಿ ಒಂದು ಜೊತೆ ಕಂದು ಸ್ಯಾಂಡಲ್.

"ನಿಮ್ಮ ತಮ್ಮನದ್ದಾ ನೋಡಿ ಸಾಹೇಬ್ರೆ. ಹೌದಾದರೆ ಇಲ್ಲೇ ದೋಣಿ ಇಳಿಸುತ್ತೇವೆ," ಎಂದರು ಅವರು.

ಅದೇ ಬಣ್ಣ, ಅದೇ ಬಕಲ್. ಹಬ್ಬಕ್ಕೆಂದು ಅವನಿಗೆ ಅಂಥದ್ದೇ ಜೊತೆಯನ್ನು ನಾನೇ ಕೊಟ್ಟಿದ್ದೆ, ಅಪ್ಪಟ ಚರ್ಮದ್ದು. ಅದರ ರೆಕ್ಸಿನ್ ನಕಲು ಊರಿಡೀ ಸಿಗುತ್ತದೆ. ರೆಕ್ಸಿನ್ ಆದರೆ ಯಾರದ್ದೋ, ಚರ್ಮವಾದರೆ ಅವನದ್ದು. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಮೈಯೆಲ್ಲ ಜೋಮು ಹಿಡಿದ ಹಾಗಿತ್ತು. ಎದುರಿಗಿದ್ದ ಗಿರಾಕಿಗೆ ಎಂಟನೇ ನಂಬರಿನ ಬೂಟು ತೆಗೆದುಕೊಟ್ಟೆ.

ದೂರದಿಂದ ತೆಗೆದ ಫೋಟೋ ನೋಡಿ ಚರ್ಮವೋ ಅಲ್ಲವೋ ಹೇಳುವವನು ಸುಳ್ಳುಗಾರ. ಬಾರಿನ ಕತ್ತರಿಸಿದ ತುದಿಯನ್ನೂ ಒಳಮೈಯನ್ನೂ ಬಿಸಿಲಿಗೆ ಹಿಡಿದು ಹತ್ತಿರದಿಂದ ತೆಗೆಯಿರಿ ಎಂದೆ. ತೆಗೆದರು, ಪಾಪ.

ದೊಡ್ಡದು ಮಾಡಿ ನೋಡಿದೆ. ಮೇಲ್ಮೈಯ ಗೆರೆಗಳು ಅಚ್ಚೊತ್ತಿದಂತೆ, ಸ್ವಲ್ಪ ದೂರಕ್ಕೊಮ್ಮೆ ಅದೇ ಆಕಾರ ಮರಳಿ ಬರುತ್ತಿತ್ತು. ಅಷ್ಟಕ್ಕೇ ತೀರ್ಪು ಕೊಡಲಾಗದು, ಚರ್ಮದ ಮೇಲೂ ಅಚ್ಚು ಹಾಕುತ್ತಾರೆ. ತುದಿ ನೋಡಿದೆ. ಚರ್ಮವಾದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಪದರವಾಗಿ, ನಾರು ನಾರಾಗಿ ಇರಬೇಕು. ಇಲ್ಲಿ ಮೇಲೆ ಕಂದು ಪ್ಲಾಸ್ಟಿಕ್ಕಿನ ತೆಳು ಪದರ, ಕೆಳಗೆ ಬಿಳಿ ಬಟ್ಟೆ, ಒಂದೆರಡು ನೂಲು ಹೊರಗೆ. ಒಳಮೈಯೂ ಬಟ್ಟೆಯದೇ, ಹಿಮ್ಮಡಿಯ ಹತ್ತಿರ ಸಿಪ್ಪೆ ಎದ್ದಿತ್ತು. ನಾನು ಕೊಟ್ಟದ್ದಕ್ಕೆ ಒಳಗೂ ಚರ್ಮವೇ.

"ರೆಕ್ಸಿನ್. ಅವನದ್ದಲ್ಲ," ಎಂದೆ. ಅವರು ಸರಿ ಎಂದು ಹುಡುಕಾಟವನ್ನು ಕಡಲಿನ ಬದಿಗೆ ತಿರುಗಿಸಿದರು. ಅಂಗಡಿಯ ಶಟರ್ ಎಳೆದು ನಾನು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸಮಾಧಾನ ಬರಲಿ ಎಂದು ಕಾದೆ, ಅದೂ ಬರಲಿಲ್ಲ.

ಮನೆಗೆ ಬಂದು ಉಮ್ಮನಿಗೆ ಫೋಟೋ ತೋರಿಸಿ, ತುದಿಯ ಬಿಳಿ ಬಟ್ಟೆಯನ್ನು ಬೆರಳಿಟ್ಟು ವಿವರಿಸಿದೆ. ಉಮ್ಮ ಎದ್ದರು. ಒಳಗೆ ಹೋಗಿ ಕಪಾಟಿನಿಂದ ಹಳೆಯ ಲುಂಗಿಯಲ್ಲಿ ಸುತ್ತಿದ ಜೊತೆ ತಂದು ನೆಲದ ಮೇಲಿಟ್ಟರು. ನಾನು ಕೊಟ್ಟದ್ದು. ಅಟ್ಟೆ ಸವೆದೇ ಇರಲಿಲ್ಲ.

"ಇದನ್ನು ಅವನು ಶುಕ್ರವಾರ ಮಾತ್ರ ಹಾಕುವುದು ಮಗಾ. ಹೊಳೆಗೆ ಹೋಗಲಿಕ್ಕೆ ಅಂತಲೇ ಅದೇ ನಮೂನೆಯ ಅಗ್ಗದ್ದು ತಂದಿದ್ದ. ಚರ್ಮಕ್ಕೆ ನೀರು ತಾಗಿಸಬೇಡ ಅಂತ ನೀನೇ ಹೇಳಿದ್ದಲ್ವಾ?"

ಹೇಳಿದ್ದೆ. ಪ್ರತಿ ಗಿರಾಕಿಗೂ ಹೇಳುವ ಮಾತು ಅದು.

ಫೋನ್ ತೆಗೆದು ದೋಣಿಯವರಿಗೆ ಕರೆ ಮಾಡಿದೆ. ಆ ಚಪ್ಪಲಿ ಇದ್ದ ಜಾಗದಲ್ಲೇ ದೋಣಿ ಇಳಿಸಿ ಎಂದೆ.