ಭಾವನ ಹಾಗಲ್ಲ, ಭಾವನೇ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮನಃಶಾಸ್ತ್ರದ ಎಂ.ಎ. ಓದುತ್ತಿದ್ದೆ. ನನ್ನ ಪ್ರಬಂಧದ ವಿಷಯ ಕೇಳಿ ಮನೆಯವರೆಲ್ಲ ನಕ್ಕಿದ್ದರು: ಯಾರನ್ನೋ ನೋಡಿ ನಮ್ಮವರೆಂದುಕೊಂಡು ಮಾತಾಡಿಸಿಬಿಡುವ ಅನುಭವ. ವಿಜಯನಗರದ ನಮ್ಮ ಮನೆಯ ಸುತ್ತಮುತ್ತ ಎಂಟು ಜನರನ್ನು ವಿಚಾರಿಸಿ, ಅವರು ಹೇಳಿದ್ದನ್ನು ನಾಚಿಕೆ, ಅವಸರ, ನಗು, ಕಣ್ಣಿನ ದೋಷ ಎಂದು ವಿಂಗಡಿಸಿ, ರಾಜಾಜಿನಗರದಲ್ಲಿದ್ದ ನನ್ನ ಮಾರ್ಗದರ್ಶಕಿಯ ಮನೆಗೆ ಹೋದೆ.

ಮೇಡಂ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಓದಿದರು.

"ಜನ ಏನೇನು ಹೇಳ್ತಾರೆ, ಯಾವ ಮಾತು ಮತ್ತೆ ಮತ್ತೆ ಬರತ್ತೆ ಅಂತ ತಿಳ್ಕೊಳಕ್ಕೆ ಇದು ಒಳ್ಳೇ ಕೆಲಸಾನೇ. ಆದ್ರೆ ನೀನು ಫಿನಾಮಿನಾಲಜಿ, ಅಂದ್ರೆ ಅನುಭವದ ಸ್ವರೂಪದ ಅಧ್ಯಯನ ಅಂತ ಬರ್ದಿದೀಯಲ್ಲ?"

"ಎರಡಕ್ಕೂ ವ್ಯತ್ಯಾಸ ಏನು ಮೇಡಂ?"

"ಪ್ರಶ್ನೇನೇ ಬೇರೆ ಕಣೇ. ಆ ಗಳಿಗೇಲಿ ಇದ್ದವರಿಗೆ ಅದು ಹೇಗೆ ಕಾಣ್ಸತ್ತೆ? ಏನನ್ನ ತೆಗೆದ್ರೆ ಅದು ಆ ಅನುಭವ ಆಗಿ ಉಳಿಯಲ್ಲ? ಅದಿರಲಿ, ನಾಚಿಕೆ ಯಾಕೆ ಎಲ್ಲಕ್ಕಿಂತ ಮೊದಲು ಬಂತು?"

ನನಗೇ ಹಾಗಾದಾಗ ಮುಖ ಕೆಂಪಾಗಿತ್ತು ಎಂದು ಒಪ್ಪಿಕೊಂಡೆ.

ಅವರು ಜೋರಾಗಿ ನಕ್ಕರು. "ಅದನ್ನ ಬರೆದು ಪಕ್ಕಕ್ಕಿಡು. 'ಅದು ತಪ್ಪು ಗುರುತು' ಅನ್ನೋ ನಿನ್ನ ತೀರ್ಪನ್ನೂ ಪಕ್ಕಕ್ಕಿಡು. ಯಾಕಾಯ್ತು ಅಂತ ಕೇಳ್ಬೇಡ, ಏನಾಯ್ತು ಅಂತ ಕೇಳು."

ಮರುದಿನ ಆ ಎಂಟು ಜನರಲ್ಲಿ ಒಬ್ಬರಾದ ಹೊಸಹಳ್ಳಿಯ ಟೈಲರ್ ಹತ್ತಿರ ಮತ್ತೆ ಹೋದೆ. ಮೊದಲ ಸಲ ಅವರ ಮಾತನ್ನು 'ನಗು' ಗುಂಪಿಗೆ ಹಾಕಿ ಮುಗಿಸಿದ್ದೆ. ಈಗ 'ಅವತ್ತು ಏನಾಯ್ತು?' ಎಂದಷ್ಟೇ ಕೇಳಿದೆ. ಅವರು ಮಿಷನ್ ತುಳಿಯುವುದನ್ನು ನಿಲ್ಲಿಸಿ ಹೇಳಿದರು:

"ಬಸ್‌ಸ್ಟಾಪಲ್ಲಿ ನಮ್ಮ ಭಾವ ನಿಂತಿದ್ರಮ್ಮ. ಊರಿಂದ ಯಾವಾಗ ಬಂದ್ರೋ ಅಂತ ಖುಷಿಯಾಗಿ ಹೆಗಲ ಮೇಲೆ ಕೈ ಹಾಕ್ದೆ."

"ಭಾವನ ಹಾಗೆ ಕಂಡ್ರಾ?"

"ಹಾಗಲ್ಲಮ್ಮ, ಭಾವನೇ. ತಿರುಗಿ ನೋಡಿದ್ಮೇಲೆ ತಾನೆ ಬೇರೆಯವರಾಗಿದ್ದು! ಆಗ ನೋಡಿದ್ರೆ, ಮೊದಲಿಂದ್ಲೂ ಅವರು ಬೇರೆಯವರೇ. ನಾಚಿಕೆ ಏನಿಲ್ಲಪ್ಪ, ಇಬ್ರೂ ಕಾಫಿ ಕುಡಿದ್ವಿ."

ಮನೆಗೆ ಓಡಿಬಂದು ಉಳಿದವರ ಮಾತುಗಳನ್ನೂ ಸಾಲುಸಾಲಾಗಿ ಮತ್ತೆ ಓದಿದೆ. ನಾಚಿಕೆಯನ್ನು ಮನಸ್ಸಿನಲ್ಲೇ ತೆಗೆದು ನೋಡಿದೆ. ಅನುಭವ ಹಾಗೇ ಉಳಿಯಿತು. ಅವಸರ ತೆಗೆದೆ; ಆಗಲೂ ಉಳಿಯಿತು. 'ಅವರೇ' ಎಂಬ ಆ ಗಟ್ಟಿತನವನ್ನು ತೆಗೆದು 'ಅವರಿರಬಹುದೇನೋ' ಎಂದುಕೊಂಡೆ. ಅದು ಬರೀ ಅನುಮಾನವಾಯಿತು. ಒಂದೇ ಕ್ಷಣದಲ್ಲಿ 'ಮೊದಲಿಂದಲೂ ಬೇರೆಯವರೇ' ಎಂದು ಹಿಂದಿನದೂ ಬದಲಾಗಿಬಿಡುವುದನ್ನು ತೆಗೆದಾಗಲೂ ಆ ಅನುಭವ ಉಳಿಯಲಿಲ್ಲ. ಎಂಟೂ ಜನರ ಮಾತಿನಲ್ಲಿ ಇವೆರಡು ಇದ್ದವು, ಯಾರೂ ಅವನ್ನು ಹೆಸರಿಟ್ಟು ಹೇಳಿರಲಿಲ್ಲ ಅಷ್ಟೆ.

ಭಾನುವಾರ ಹೊಸ ಪುಟಗಳನ್ನು ಮೇಡಂ ಕೈಗಿಟ್ಟೆ. ಎರಡು ಸಲ ಓದಿದರು.

"ಈಗ ಸರಿಹೋಯ್ತು ನೋಡು. ಆ ಟೈಲರ್‌ಗೆ ನನ್ನದೊಂದು ರವಿಕೆ ಹೊಲಿಯಕ್ಕೆ ಕೊಡ್ಬೇಕು," ಎಂದರು.