ಮಂಗಲಾ ಮೇಡಂ ಬಿಟ್ಟ ಸಾಲು

ಮುಧೋಳದ ಒಂದು ಕಾಲೇಜಿನಲ್ಲಿ ಮಂಗಲಾ ಹನ್ನೊಂದು ವರ್ಷದಿಂದ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಅಂತೆ, ಅತಿಥಿ! ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕಿ ಬಾಗಿಲು ಕಾಯಬೇಕು. ಲೋಕಾಪುರದಿಂದ ದಿನಾ ಬಸ್ಸಿಗೆ ಬರುತ್ತಾಳೆ. ಅವಳ ದೊಡ್ಡ ಆಸ್ತಿಯೆಂದರೆ, ಅವಳಿಗೇ ಪಾಠ ಹೇಳಿದ್ದ ಗಿರಿಮಲ್ಲಪ್ಪ ಸರ್ ನಿವೃತ್ತರಾಗುವಾಗ ಕೊಟ್ಟ ನೋಟ್‌ಬುಕ್ಕು. "ಟ್ರೇಲರಿನ್ಯಾಗ ಹತ್ತು ಟನ್ ಕಬ್ಬು, ಒಂದು ಕಬ್ಬಿಗೆ ಒಂದು ಕಿಲೋ ಹಿಡೀರಿ, ಹತ್ತು ಸಾವಿರ ಕಬ್ಬು ಆತು. ಎಂಟು ಸಾವಿರ ಅಂದ್ರೂ ಛಲೋ. ಲಕ್ಷ ಅಂದ್ರ ಕಿವಿ ಹಿಂಡತೀನಿ" ಅನ್ನುತ್ತಿದ್ದರು ಸರ್, ಅಂದಾಜಿನ ಲೆಕ್ಕ ಕಲಿಸುವಾಗ.

ಅವರು ಬಿಡಿಸಿದ ಲೆಕ್ಕಗಳಿಂದ ಈ ಸಲ ಮಂಗಲಾ ಅಭ್ಯಾಸದ ಪ್ರಶ್ನೆಗಳನ್ನು ಮಾಡಿ, ಕೊನೆಗೆ ಉತ್ತರಗಳ ಕೀ ಸೇರಿಸಿ ಹಂಚಿದಳು. ಟೆಸ್ಟೂ ಅದರಿಂದಲೇ. ಒಂದು ಪ್ರಶ್ನೆ: ಟಾಕಿಯಲ್ಲಿ ನೀರಿನ ಮಟ್ಟದಿಂದ ಎರಡೂವರೆ ಮೀಟರ್ ಕೆಳಗೆ ಸಣ್ಣ ತೂತು, ಆಯಾಮಗಳ ವಿಶ್ಲೇಷಣೆಯಿಂದಲೇ, ಅಂದರೆ ಮೀಟರು ಸೆಕೆಂಡುಗಳ ಮಾನ ಹೊಂದಿಸಿಯೇ, ನೀರು ಚಿಮ್ಮುವ ವೇಗ ಕಂಡುಹಿಡಿಯಿರಿ. ಕೀಯಲ್ಲಿ ಉತ್ತರ, ಸೆಕೆಂಡಿಗೆ ಏಳು ಮೀಟರ್.

ಎಲ್ಲರೂ ಕಣ್ಣು ಮುಚ್ಚಿ ಏಳು ಬರೆದರು. ಅಕ್ಷತಾ ಎಂಬ ಹುಡುಗಿ ಮಾತ್ರ ಬೇರೆ ಬರೆದಿದ್ದಳು: ಗುರುತ್ವವನ್ನು ಆಳದಿಂದ ಗುಣಿಸಿ ವರ್ಗಮೂಲ ತೆಗೆದರೆ ವೇಗದ ಆಯಾಮ ಬರುತ್ತದೆ, ಅದು ಸುಮಾರು ಐದು, ಅದನ್ನು ಗುಣಿಸುವ ಇನ್ನೊಂದು ಸಂಖ್ಯೆ ಇರಬಹುದು, ಆಯಾಮದಿಂದ ಅದು ಸಿಗುವುದಿಲ್ಲ, ಅಳೆದೇ ನೋಡಬೇಕು. ಮಂಗಲಾ ಸೊನ್ನೆ ಹಾಕಿದಳು.

"ಮೇಡಂ, ಬರೇ ಆಯಾಮದಿಂದ ಏಳು ಹೆಂಗ ಬರ್ತೈತ್ರಿ?" ಅಂತ ಅಕ್ಷತಾ ಎದ್ದು ಕೇಳಿದಳು.

"ಕೀದಾಗ ಐತಿ. ಭಾಳ ಶಾಣ್ಯಾ ಆಗಬ್ಯಾಡ, ಕೂಡು."

ಸಂಜೆ ಮನೆಯಲ್ಲಿ ನೋಟ್‌ಬುಕ್ಕು ತೆರೆದು ಮಂಗಲಾ ಆ ಲೆಕ್ಕ ಹುಡುಕಿದಳು. ಅದೇ ಲೆಕ್ಕದ ಕೆಳಗೆ ಸರ್ ಬರೆದ ಸಾಲು: "ಗುಣಿಸುವ ಸಂಖ್ಯೆ ಆಯಾಮದಿಂದ ಸಿಗದು. ಕಾಲೇಜಿನ ಟಾಕಿಯಲ್ಲಿ ಅಳೆದೆವು, ಸುಮಾರು 1.4. ಐದನ್ನು ಇದರಿಂದ ಗುಣಿಸಿದರೆ ಏಳು." ಅಯ್ಯೋ ಶಿವನೇ! ಹಂಚಿದ ಹಾಳೆಯಲ್ಲಿ ಜಾಗ ಸಾಲದೆ ಅವಳೇ ಬಿಟ್ಟಿದ್ದ ಸಾಲು. ಸರ್ ಅಳೆದ ದಿನ ಟೇಪು ಹಿಡಿದು ನಿಂತಿದ್ದ ವಿದ್ಯಾರ್ಥಿನಿಯೂ ಅವಳೇ.

ನಾಳೆ ಹೇಳಿದರಾಯಿತು ಅಂದುಕೊಂಡಳು. ಆದರೆ ಅದು ಮರುನೇಮಕದ ಅರ್ಜಿಗಳನ್ನು ನೋಡುವ ವಾರ. ತಪ್ಪು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ನಾಳೆ ನಾಳೆ ಅನ್ನುತ್ತಾ ಮೂರು ವಾರ ಕಳೆದವು.

ಎರಡನೇ ಟೆಸ್ಟಿನಲ್ಲಿ ಲೋಲಕದ ಪ್ರಶ್ನೆ ಬಂತು: ಒಮ್ಮೆ ತೂಗಿ ಬರಲು ಎಷ್ಟು ಸಮಯ, ಇದೂ ಆಯಾಮದಿಂದಲೇ. ಉದ್ದವನ್ನು ಗುರುತ್ವದಿಂದ ಭಾಗಿಸಿ ಅಕ್ಷತಾ ಚೊಕ್ಕಾಗಿ ವರ್ಗಮೂಲ ತೆಗೆದಿದ್ದಳು. ಮುಂದಿನ ಗುಣಕದ ಹತ್ತಿರ "ಅಳೆಯಬೇಕು" ಅಂತ ಬರೆದು, ಕಾಟು ಹೊಡೆದು, "ಎರಡು ಪೈ, ಕೀಯಲ್ಲಿದ್ದಂತೆ" ಎಂದಿದ್ದಳು. ಕೀ ಪ್ರಕಾರ ಪೂರ್ತಿ ಅಂಕ. ಮಂಗಲಾಳ ಪೆನ್ನು ಮುಂದೆ ಹೋಗಲಿಲ್ಲ.

ಮರುದಿನ ತರಗತಿಗೆ ಹೋದವಳೇ ಬಿಟ್ಟ ಸಾಲನ್ನು ಬೋರ್ಡಿನ ಮೇಲೆ ದಪ್ಪಗೆ ಬರೆದಳು.

"ನನ್ನ ಕೀ ತಪ್ಪೈತಿ, ಈ ಸಾಲು ಬಿಟ್ಟಿದ್ದೆ. ಅಕ್ಷತಾ ಬರೆದಿದ್ದೇ ಖರೆ. ಆಕಿಗೆ ಬೈದದ್ದೂ ನನ್ನ ತಪ್ಪು."

ಎಲ್ಲರೂ ಅಕ್ಷತಾಳ ಕಡೆ ತಿರುಗಿದರು. ಅವಳು ಬೋರ್ಡು ನೋಡಿ, ಪೆನ್ನಿನ ಟೊಪ್ಪಿಗೆ ತೆಗೆದು ಕೇಳಿದಳು:

"ಟೆಸ್ಟಿಗೆ ಇದನ್ನ ಇದ್ದಂಗ ಬರಕೋಬೇಕೇನ್ರಿ, ಮೇಡಂ?"